ಬತ್ತಿದ ಬಾವಿಗಳನ್ನು ಬಿಟ್ಟ ಸರಾಸರಿ: ಅಂತರ್ಜಲ ಕುಸಿತದ ಮೂರು ಅಧ್ಯಯನಗಳು

(ವಿಜಯಪುರದಲ್ಲಿ ನಡೆದ ಸ್ನಾತಕೋತ್ತರ ಸೆಮಿನಾರಿನಲ್ಲಿ ಮಂಡಿಸಿದ ಪೂರ್ವಾಧ್ಯಯನ ಸಮೀಕ್ಷೆಯ ಪರಿಷ್ಕೃತ ಬರಹ ರೂಪ)

ಮೂರು ಪ್ರಬಂಧಗಳ ಪ್ರತಿಗಳನ್ನು ಮೇಜಿನ ಮೇಲೆ ಇಟ್ಟಿದ್ದೇನೆ. ಅವುಗಳಿಂದ ಒಂದು ಸಾಲನ್ನೂ ನಾನು ಓದಿ ಹೇಳುವುದಿಲ್ಲ. ಕಣ್ಣಿಗಾಗಿ ಬರೆದ ವಾಕ್ಯವನ್ನು ಕಿವಿಗೆ ಹಾಕಿದರೆ ಕೇಳುವವರಿಗೆ ಅರ್ಧ ದಾರಿಯಲ್ಲಿಯೇ ಎಳೆ ತಪ್ಪುತ್ತದೆ. ಆದುದರಿಂದ ಹಲಗೆಯ ಮೇಲೆ ಮೂರು ಪ್ರಶ್ನೆಗಳನ್ನು ಮಾತ್ರ ಬರೆದಿದ್ದೇನೆ: ಈ ಅಧ್ಯಯನ ಏನನ್ನು ಅಳೆಯಿತು, ಯಾವುದರಿಂದ ಅಳೆಯಿತು, ಆ ಅಳತೆಗೆ ಕಾಣಿಸದೆ ಉಳಿದದ್ದು ಏನು. ಪ್ರತಿ ಪ್ರಬಂಧವನ್ನೂ ಇದೇ ಪ್ರಶ್ನೆಗಳ ಮುಂದೆ ನಿಲ್ಲಿಸುತ್ತೇನೆ. ಸಂಖ್ಯೆಗಳಲ್ಲಿ ವಾದವನ್ನು ಹೊತ್ತು ನಿಲ್ಲುವಂಥವನ್ನು ಮಾತ್ರ ಹೇಳುತ್ತೇನೆ. ಉಳಿದವುಗಳಿಗೆ ಪ್ರತಿಗಳನ್ನು ನೀವೇ ನೋಡಬಹುದು.

ಈ ಮೂರನ್ನೇ ಏಕೆ ಆರಿಸಿಕೊಂಡೆ ಎಂಬುದನ್ನು ಮೊದಲು ಹೇಳಬೇಕು. 2009ರ ಅಧ್ಯಯನವು ವಾಯವ್ಯ ಭಾರತದಲ್ಲಿ ಅಂತರ್ಜಲ ಕುಸಿಯುತ್ತಿದೆ ಎಂದಿತು. 2017ರ ಅಧ್ಯಯನವು ಉತ್ತರದಲ್ಲಿ ಕುಸಿಯುತ್ತಿದೆ, ದಕ್ಷಿಣದಲ್ಲಿ ಏರುತ್ತಿದೆ ಎಂದಿತು. 2019ರ ಅಧ್ಯಯನವು ದಕ್ಷಿಣದ ಆ ಏರಿಕೆಯನ್ನು ನಂಬಬೇಡಿ ಎಂದಿತು. ನಾವು ಕುಳಿತಿರುವ ಈ ಊರು ಆ ದಕ್ಷಿಣದ ಒಳಗೇ ಬರುತ್ತದೆ. ಇಂಡಿಯ ಲಿಂಬೆ ತೋಟದವರನ್ನೋ ತಿಕೋಟಾದ ದ್ರಾಕ್ಷಿ ಬೆಳೆಗಾರರನ್ನೋ ಕಂಡು ‘2002ರಿಂದ 2013ರವರೆಗೆ ನಿಮ್ಮ ಭಾಗದಲ್ಲಿ ಅಂತರ್ಜಲ ಹೆಚ್ಚಿತಂತೆ’ ಎಂದು ಹೇಳಿದರೆ ಅವರು ನಮ್ಮ ಮುಖವನ್ನು ಹೇಗೆ ನೋಡಿಯಾರು ಎಂಬುದನ್ನು ನೀವೇ ಊಹಿಸಿಕೊಳ್ಳಿ. ಹಾಗೆಂದು ಎರಡನೆಯ ಅಧ್ಯಯನವನ್ನು ಮಾಡಿದವರು ಲೆಕ್ಕ ಬಾರದವರೂ ಅಲ್ಲ. ಬಲ್ಲವರು ಮಾಡಿದ ಲೆಕ್ಕಕ್ಕೂ ಹೊಲದಲ್ಲಿ ಕಾಣುವುದಕ್ಕೂ ಇಷ್ಟು ಅಂತರ ಹೇಗೆ ಬಂತು ಎಂಬುದೇ ಈ ಸಮೀಕ್ಷೆಯ ವಿಷಯ.

ಮೊದಲನೆಯದು ಮ್ಯಾಥ್ಯೂ ರೋಡೆಲ್, ಇಸಬೆಲ್ಲಾ ವೆಲಿಕೋನ್ಯ ಮತ್ತು ಜೇಮ್ಸ್ ಫ್ಯಾಮಿಗ್ಲಿಯೆಟಿ ಅವರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. ಅವರ ಉಪಕರಣ ಗ್ರೇಸ್ ಎಂಬ ಜೋಡಿ ಉಪಗ್ರಹ. 2002ರ ಮಾರ್ಚ್‌ನಲ್ಲಿ ಹಾರಿಸಲಾದ ಈ ಎರಡು ಉಪಗ್ರಹಗಳು ಒಂದರ ಹಿಂದೆ ಒಂದು, ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಸುತ್ತುತ್ತಿದ್ದವು. ಕೆಳಗಿನ ನೆಲದಲ್ಲಿ ದ್ರವ್ಯರಾಶಿ ಹೆಚ್ಚಿರುವ ಕಡೆಗೆ ಬಂದಾಗ ಮುಂದಿನ ಉಪಗ್ರಹವು ತುಸು ಮೊದಲೇ ಸೆಳೆಯಲ್ಪಡುತ್ತದೆ, ಹಿಂದಿನದು ತುಸು ತಡವಾಗಿ. ಆಗ ಎರಡರ ನಡುವಿನ ಅಂತರ ಅತ್ಯಲ್ಪವಾಗಿ ಬದಲಾಗುತ್ತದೆ. ಆ ಬದಲಾವಣೆಯನ್ನು ತಿಂಗಳು ತಿಂಗಳೂ ಅಳೆದರೆ ಕೆಳಗಿನ ಪ್ರದೇಶದ ತೂಕ ಏರಿತೋ ಇಳಿಯಿತೋ ಎಂಬುದು ತಿಳಿಯುತ್ತದೆ. ತಿಂಗಳಿಂದ ತಿಂಗಳಿಗೆ ಬೆಟ್ಟಗಳ ತೂಕ ಬದಲಾಗುವುದಿಲ್ಲ, ನೀರಿನ ತೂಕ ಬದಲಾಗುತ್ತದೆ. ಆದುದರಿಂದ ಏರಿಳಿತವನ್ನು ನೀರಿನದೆಂದು ಹಿಡಿಯುತ್ತಾರೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು, ಮುಂದೆ ಇದು ಬೇಕಾಗುತ್ತದೆ. ಗ್ರೇಸ್ ಒಂದು ತಕ್ಕಡಿ. ಚೀಲವನ್ನು ತೂಗುತ್ತದೆ, ಚೀಲದೊಳಗೆ ಏನಿದೆ ಎಂದು ಹೇಳುವುದಿಲ್ಲ. ಮಣ್ಣಿನ ಹಸಿ, ಜಲಾಶಯದ ನೀರು, ಹಿಮ, ಅಂತರ್ಜಲ ಎಲ್ಲವೂ ಸೇರಿ ಒಂದೇ ಸಂಖ್ಯೆಯಾಗಿ ಬರುತ್ತವೆ. ಅದರಿಂದ ಉಳಿದವುಗಳನ್ನು ಬೇರೆ ಮೂಲಗಳಿಂದ ಅಂದಾಜಿಸಿ ಕಳೆಯಬೇಕು. ಕಳೆದ ಮೇಲೆ ಮಿಕ್ಕದ್ದೇ ಅಂತರ್ಜಲ. ರೋಡೆಲ್ ಅವರ ತಂಡವು ಮಣ್ಣಿನ ತೇವಾಂಶವನ್ನು ಗಣಕ ಮಾದರಿಗಳಿಂದ ಪಡೆದು ಕಳೆದಿದೆ. ಹಾಗಾಗಿ ಕಳೆಯುವ ಸಂಖ್ಯೆ ತಪ್ಪಿದಷ್ಟೂ ಮಿಕ್ಕ ಸಂಖ್ಯೆಯೂ ತಪ್ಪುತ್ತದೆ.

ಫಲಿತಾಂಶ ಇದು: ರಾಜಸ್ಥಾನ, ಪಂಜಾಬ್ ಹಾಗೂ ದೆಹಲಿ ಸೇರಿದ ಹರಿಯಾಣ ಪ್ರದೇಶದಲ್ಲಿ 2002ರ ಆಗಸ್ಟ್‌ನಿಂದ 2008ರ ಅಕ್ಟೋಬರ್‌ವರೆಗೆ ವರ್ಷಕ್ಕೆ ಸರಾಸರಿ 17.7 ಘನ ಕಿಲೋಮೀಟರ್ ಅಂತರ್ಜಲ ನಷ್ಟವಾಗಿದೆ. ಘನ ಕಿಲೋಮೀಟರ್ ನಮ್ಮ ಭಾಗದಲ್ಲಿ ಯಾರ ಬಾಯಲ್ಲೂ ಇಲ್ಲದ ಅಳತೆ. ನಮಗೆ ನೀರೆಂದರೆ ಟಿಎಂಸಿ. ಒಂದು ಘನ ಕಿಲೋಮೀಟರ್ ಎಂದರೆ 35 ಟಿಎಂಸಿಗಿಂತ ತುಸು ಹೆಚ್ಚು. ಆ ಲೆಕ್ಕದಲ್ಲಿ ಇದು ಸುಮಾರು 625 ಟಿಎಂಸಿ. ಆಲಮಟ್ಟಿಯು 519.6 ಮೀಟರಿಗೆ ತುಂಬಿದಾಗ 123 ಟಿಎಂಸಿ ಹಿಡಿಯುತ್ತದೆ. ಎಂದರೆ ಆ ಪ್ರದೇಶವು ಪ್ರತಿ ವರ್ಷವೂ ಐದು ಆಲಮಟ್ಟಿಗಳಷ್ಟು ನೀರನ್ನು, ಮಳೆ ಮರಳಿ ತುಂಬಿದ್ದನ್ನು ಲೆಕ್ಕ ಹಾಕಿದ ಮೇಲೂ, ನೆಲದೊಳಗಿನಿಂದ ಕಳೆದುಕೊಂಡಿತು. ಈ ಅಂದಾಜಿನ ದೋಷಮಿತಿ 4.5 ಘನ ಕಿಲೋಮೀಟರ್. ಸೆಮಿನಾರುಗಳಲ್ಲಿ ದೋಷಮಿತಿಯನ್ನು ಬೇಸರದ ಬಾಬ್ತು ಎಂದು ಬಿಟ್ಟುಬಿಡುವ ರೂಢಿಯಿದೆ, ಅದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಇಲ್ಲಿ ಕೆಳ ಅಂಚನ್ನು ಹಿಡಿದರೂ 13 ಘನ ಕಿಲೋಮೀಟರಿಗಿಂತ ಹೆಚ್ಚು ನಷ್ಟ ಉಳಿಯುತ್ತದೆ. ಆದುದರಿಂದ ‘ಕುಸಿತವಿದೆ’ ಎಂಬ ತೀರ್ಮಾನ ಅಲುಗುವುದಿಲ್ಲ, ಅದರ ಗಾತ್ರದ ಬಗ್ಗೆ ಮಾತ್ರ ಚರ್ಚೆ ಸಾಧ್ಯ.

ಕಾರಣ ಯಾವುದೆಂಬುದನ್ನು ಅವರು ಹೇಗೆ ಹೇಳಿದರು? ಆ ವರ್ಷಗಳಲ್ಲಿ ಆ ಪ್ರದೇಶದ ಮಳೆ ಹೆಚ್ಚುಕಡಿಮೆ ವಾಡಿಕೆಯಷ್ಟೇ ಇತ್ತು. ಮಳೆ ಕೈಕೊಡದೆಯೂ ಸಂಗ್ರಹ ಇಳಿದಿದ್ದರೆ ಉಳಿಯುವುದು ಪಂಪು. ನೀರಾವರಿಗಾಗಿ ಮಿತಿಮೀರಿ ಎತ್ತಿದ್ದೇ ಬಹುಶಃ ಕಾರಣ ಎಂದರು. ‘ಬಹುಶಃ’ ಎಂಬ ಪದವನ್ನು ಅವರು ಉಳಿಸಿಕೊಂಡಿದ್ದಾರೆ, ನಾವೂ ಉಳಿಸಿಕೊಳ್ಳೋಣ. ಏಕೆಂದರೆ ಅವರು ಪಂಪುಗಳನ್ನು ಎಣಿಸಿಲ್ಲ, ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ಅಲ್ಲಿಗೆ ಬಂದಿದ್ದಾರೆ.

ಈ ಅಳತೆಗೆ ಕಾಣಿಸದೆ ಉಳಿಯುವುದು ಚಿಕ್ಕ ಜಾಗ. ಗ್ರೇಸ್ ಒಂದೂವರೆ ಎರಡು ಲಕ್ಷ ಚದರ ಕಿಲೋಮೀಟರಿಗಿಂತ ಕಿರಿದಾದ ಪ್ರದೇಶದ ಬಗ್ಗೆ ಭರವಸೆಯಿಂದ ಏನನ್ನೂ ಹೇಳಲಾರದು. ಈ ಮೂರು ರಾಜ್ಯಗಳು ಸೇರಿ ಸುಮಾರು 4.4 ಲಕ್ಷ ಚದರ ಕಿಲೋಮೀಟರ್ ಇರುವುದರಿಂದ ಅಲ್ಲಿ ಅದು ಸಾಕಾಯಿತು. ಆದರೆ ನಮ್ಮ ಇಡೀ ಕರ್ನಾಟಕವೇ 1.92 ಲಕ್ಷ ಚದರ ಕಿಲೋಮೀಟರ್. ವಿಜಯಪುರ ಜಿಲ್ಲೆ ಹತ್ತೂವರೆ ಸಾವಿರ. ಗ್ರೇಸ್ ದತ್ತಾಂಶದಿಂದ ಬಣ್ಣ ಹಚ್ಚಿದ ಜಿಲ್ಲಾವಾರು ನಕ್ಷೆಯನ್ನು ಯಾರಾದರೂ ತೋರಿಸಿದರೆ, ಜಿಲ್ಲೆಯ ಮಟ್ಟದ ಆ ವಿವರ ಎಲ್ಲಿಂದ ಬಂತು ಎಂದು ತಪ್ಪದೆ ಕೇಳಿ.

ಎರಡನೆಯ ಅಧ್ಯಯನ 2017ರದು, ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಬಂದದ್ದು. ಬರೆದವರು ಆಕರ್ಷ್ ಅಶೋಕ, ಟಾಮ್ ಗ್ಲೀಸನ್, ಯೋಶಿಹಿಡೆ ವಾಡಾ ಮತ್ತು ವಿಮಲ್ ಮಿಶ್ರಾ. ಇವರ ಪ್ರಶ್ನೆ ಬೇರೆ. ಅಂತರ್ಜಲ ಎಷ್ಟು ಇಳಿಯಿತು ಎಂದಷ್ಟೇ ಕೇಳದೆ, ಏರಿಳಿತದಲ್ಲಿ ಮಳೆಯ ಪಾಲೆಷ್ಟು, ಪಂಪಿನ ಪಾಲೆಷ್ಟು ಎಂದು ಕೇಳಿದರು. ಉಪಗ್ರಹದ ಜೊತೆಗೆ ವೀಕ್ಷಣಾ ಬಾವಿಗಳ ದಾಖಲೆಯನ್ನೂ ತೆಗೆದುಕೊಂಡರು.

ಅವರ ಉತ್ತರವನ್ನು ಎರಡು ವಾಕ್ಯದಲ್ಲಿ ಹೇಳಬಹುದು. 2002ರಿಂದ 2013ರ ನಡುವೆ ಉತ್ತರ ಭಾರತದಲ್ಲಿ ಅಂತರ್ಜಲ ಸಂಗ್ರಹ ವರ್ಷಕ್ಕೆ 2 ಸೆಂಟಿಮೀಟರ್ ಇಳಿದಿದೆ, ದಕ್ಷಿಣ ಭಾರತದಲ್ಲಿ 1ರಿಂದ 2 ಸೆಂಟಿಮೀಟರ್ ಏರಿದೆ. ದಕ್ಷಿಣದಲ್ಲಿಯೂ ಉತ್ತರ-ಮಧ್ಯ ಭಾಗದಲ್ಲಿಯೂ ಈ ಏರಿಳಿತದ ಬಹುಪಾಲನ್ನು ಮಳೆಯೇ ವಿವರಿಸುತ್ತದೆ, ವಾಯವ್ಯದಲ್ಲಿ ಮಾತ್ರ ನೀರಾವರಿಗಾಗಿ ಎತ್ತುವುದೇ ಮುಖ್ಯ ಕಾರಣ, ಅದೂ ಮಳೆ ಕಡಿಮೆಯಾದಾಗ ಹೆಚ್ಚುತ್ತದೆ. ಈ ಕೊನೆಯ ಮಾತು ನನಗೆ ಈ ಪ್ರಬಂಧದ ಅತ್ಯಂತ ಬೆಲೆಯುಳ್ಳ ಭಾಗವೆಂದು ತೋರುತ್ತದೆ. ಮಳೆ ಮತ್ತು ಪಂಪು ಎರಡು ಬೇರೆ ಕಾರಣಗಳೆಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಆದರೆ ಮಳೆ ತಪ್ಪಿದ ವರ್ಷ ಮರುಪೂರಣವೂ ಕಡಿಮೆ, ಮೋಟರ್ ಓಡುವ ತಾಸುಗಳೂ ಹೆಚ್ಚು. ಒಂದೇ ಕೊರತೆ ಎರಡು ಕಡೆಯಿಂದ ಹೊಡೆಯುತ್ತದೆ. ಉತ್ತರದಲ್ಲಿ ಮಳೆ ಕುಗ್ಗುತ್ತಿರುವುದಕ್ಕೂ ಹಿಂದೂ ಮಹಾಸಾಗರ ಬಿಸಿಯಾಗುತ್ತಿರುವುದಕ್ಕೂ ಅವರು ಸಂಬಂಧ ತೋರಿಸಿದ್ದಾರೆ. ಅದು ಇಂದಿನ ನಮ್ಮ ದಾರಿಯಲ್ಲ, ಅಲ್ಲಿಗೆ ಬಿಡುತ್ತೇನೆ.

ಇಲ್ಲಿ ಸೆಂಟಿಮೀಟರ್ ಎಂದರೆ ಬಾವಿಯ ನೀರಿನ ಮಟ್ಟವಲ್ಲ. ಇದನ್ನು ತಪ್ಪು ತಿಳಿದರೆ ಮೂರೂ ಅಧ್ಯಯನಗಳ ಹೋಲಿಕೆ ಕೆಡುತ್ತದೆ, ಆದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ನೆಲದೊಳಗಿನ ನೀರನ್ನೆಲ್ಲ ಹಿಂಡಿ ತೆಗೆದು, ಆ ಪ್ರದೇಶದ ಮೇಲೆ ಸಮನಾಗಿ ಹರಡಿದರೆ ಎಷ್ಟು ಎತ್ತರ ನಿಲ್ಲುತ್ತದೆಯೋ ಅದು ಈ ಸೆಂಟಿಮೀಟರ್. ಬಾವಿಯಲ್ಲಿ ಕಾಣುವ ಇಳಿತವು ಇದಕ್ಕಿಂತ ಬಹಳ ಹೆಚ್ಚು, ಏಕೆಂದರೆ ನೆಲದೊಳಗೆ ನೀರಿಗೆ ಸಿಗುವುದು ಸಂದಿಗಳು ಮಾತ್ರ. ನೀರು ಬಸಿದು ಹೊರಬರಬಲ್ಲ ಆ ಸಂದಿಗಳ ಪಾಲನ್ನು ನಿರ್ದಿಷ್ಟ ಇಳುವರಿ ಎನ್ನುತ್ತೇವೆ. ರೋಡೆಲ್ ಅವರ ಪ್ರದೇಶದಲ್ಲಿ ಅದನ್ನು ಶೇ. 12 ಎಂದು ಹಿಡಿಯಲಾಗಿತ್ತು. ಅಲ್ಲಿ ವರ್ಷಕ್ಕೆ 4 ಸೆಂಟಿಮೀಟರ್ ನೀರು ಹೋಯಿತೆಂದರೆ ಬಾವಿಯ ಮಟ್ಟ 33 ಸೆಂಟಿಮೀಟರ್, ಎಂದರೆ ಒಂದು ಅಡಿಗಿಂತ ತುಸು ಹೆಚ್ಚು ಇಳಿಯಿತು ಎಂದರ್ಥ.

ಈಗ ನಮ್ಮ ನೆಲಕ್ಕೆ ಬನ್ನಿ. ವಿಜಯಪುರ ಜಿಲ್ಲೆಯ ಬಹುಭಾಗದಲ್ಲಿಯೂ ಬೆಳಗಾವಿ ಜಿಲ್ಲೆಯ ಉತ್ತರದಲ್ಲಿಯೂ ಎರೆ ಮಣ್ಣಿನ ಕೆಳಗೆ ದಖ್ಖನ್ನಿನ ಕರಿಕಲ್ಲು, ಅಂದರೆ ಬಸಾಲ್ಟ್ ಇದೆ. ಮೇಲಿನ ಗರಸು ಪದರದಲ್ಲಿ ನೀರು ನಿಲ್ಲುತ್ತದೆ, ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ. ಅಂತರ್ಜಲ ಅಂದಾಜಿಗಾಗಿ ಕೇಂದ್ರ ಸರ್ಕಾರದ ಸಮಿತಿಯು 1997ರಲ್ಲಿ ಸೂಚಿಸಿದ ಮಾನದಂಡದಲ್ಲಿ ಶಿಥಿಲಗೊಂಡ ಇಲ್ಲವೇ ಬಿರುಕುಳ್ಳ ಬಸಾಲ್ಟಿಗೆ ಶೇ. 2 ಇದೆ, ಬಿರುಕು ಕಡಿಮೆಯಿರುವ ಗಟ್ಟಿ ಬಂಡೆಗೆ ಶೇ. 0.3 ಇದೆ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಕಾಲುವೆಯ ನೀರು ಬಸಿದು ಒಂದು ಊರಿನ ಗರಸು ಪದರದಲ್ಲಿ ಮಟ್ಟ 1 ಮೀಟರ್ ಏರಿದರೆ 2 ಸೆಂಟಿಮೀಟರ್ ನೀರು ಕೂಡಿತು. ಅಷ್ಟೇ ವಿಸ್ತೀರ್ಣದ ಪಕ್ಕದ ಊರಿನಲ್ಲಿ, ಗರಸು ಎಂದೋ ಒಣಗಿ, ಗಟ್ಟಿ ಬಂಡೆಯೊಳಗೆ ಮಟ್ಟ 6 ಮೀಟರಿಗಿಂತ ಹೆಚ್ಚು, ಅಂದರೆ ಇಪ್ಪತ್ತು ಅಡಿಗೂ ಮಿಕ್ಕಿ ಇಳಿದರೆ ಹೋಗುವುದೂ ಸುಮಾರು 2 ಸೆಂಟಿಮೀಟರೇ. ಎರಡು ಊರುಗಳನ್ನೂ ಒಟ್ಟಿಗೆ ತೂಗುವ ಉಪಗ್ರಹಕ್ಕೆ ಏನೂ ಬದಲಾಗಿಲ್ಲ. ಎರಡನೆಯ ಊರಿನವರು ಮಾತ್ರ ಪೈಪು ಇಳಿಸುತ್ತಿದ್ದಾರೆ, ಮೋಟರ್ ಬದಲಿಸುತ್ತಿದ್ದಾರೆ, ಹೊಸ ಕೊಳವೆಬಾವಿಗೆ ಸಾಲ ಕೇಳುತ್ತಿದ್ದಾರೆ. ಉತ್ತರದ ಮೆಕ್ಕಲು ಬಯಲಿನಲ್ಲಿ ತೂಕ ಮತ್ತು ಕಷ್ಟ ಜೊತೆಜೊತೆಯಾಗಿ ಸಾಗುತ್ತವೆ. ಬಂಡೆಯ ನಾಡಿನಲ್ಲಿ ಕಷ್ಟ ಬೆಟ್ಟದಷ್ಟಾದರೂ ತೂಕದಲ್ಲಿ ಅದು ಅತಿ ಸಣ್ಣದು.

ಇನ್ನೊಂದು ಅಂಶವಿದೆ, ಇದು ನನ್ನ ಓದು. ಲೆಕ್ಕ ಶುರುವಾಗುವುದು 2002ರಲ್ಲಿ. ಅದು ದೇಶಕ್ಕೇ ಬರಗಾಲದ ವರ್ಷ. ಕರ್ನಾಟಕದಲ್ಲಿ ಬರವು 2001ರಿಂದ 2004ರವರೆಗೆ ಬೆನ್ನುಹತ್ತಿತ್ತು. ಆ ಬಳಿಕ 2005ರಲ್ಲಿ ಕೃಷ್ಣೆಯ ಪ್ರವಾಹ ಬಂತು, 2009ರ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಭಾಗದಲ್ಲಿ ಸುರಿದ ಮಳೆಯಂತೂ ನಿಮಗೆಲ್ಲ ನೆನಪಿರಬಹುದು. ತಳ ಮುಟ್ಟಿದ ವರ್ಷದಿಂದ ಗೆರೆ ಎಳೆಯಲು ತೊಡಗಿದರೆ ಹನ್ನೊಂದು ವರ್ಷದ ಗೆರೆ ಮೇಲಕ್ಕೇ ಹೋಗುತ್ತದೆ. ಇದು ಲೇಖಕರ ತಪ್ಪಲ್ಲ, ಉಪಗ್ರಹ ಹಾರಿದ್ದೇ ಆ ವರ್ಷ. ಆದರೆ ‘ಏರಿದೆ’ ಎಂಬ ಕ್ರಿಯಾಪದವನ್ನು ನಾವು ‘ಬರದಿಂದ ಚೇತರಿಸಿಕೊಂಡಿದೆ’ ಎಂದೂ ಓದಬಹುದು. ಅದಕ್ಕಾಗಿಯೇ ನಾನು ನನ್ನ ಟಿಪ್ಪಣಿಯಲ್ಲಿ ಪ್ರತಿ ಪ್ರವೃತ್ತಿಯ ಪಕ್ಕದಲ್ಲಿಯೂ ಮೊದಲ ವರ್ಷ ಮತ್ತು ಕೊನೆಯ ವರ್ಷ ಎಂಥವು ಎಂದು ಬರೆದಿಟ್ಟುಕೊಂಡಿದ್ದೇನೆ.

ಮೂರನೆಯ ಅಧ್ಯಯನಕ್ಕೆ ಹೆಚ್ಚು ಸಮಯ ಕೊಡುತ್ತೇನೆ. ತೇಜಸ್ವಿ ಹೋರಾ, ವೀಣಾ ಶ್ರೀನಿವಾಸನ್ ಮತ್ತು ನಂದಿತಾ ಬಸು ಅವರದು, 2019ರಲ್ಲಿ ‘ಜಿಯೋಫಿಸಿಕಲ್ ರಿಸರ್ಚ್ ಲೆಟರ್ಸ್’ ಪತ್ರಿಕೆಯಲ್ಲಿ ಬಂದದ್ದು. ದಕ್ಷಿಣದಲ್ಲಿ ಅಂತರ್ಜಲ ಚೇತರಿಸಿಕೊಂಡಿದೆ ಎಂಬ ವರದಿಗಳಿಗೂ, ಬಾವಿಗಳು ಬತ್ತುತ್ತಿವೆ ಎಂಬ ನೆಲದ ಸುದ್ದಿಗೂ ಇರುವ ವಿರೋಧವನ್ನೇ ಅವರು ಪ್ರಶ್ನೆಯಾಗಿ ಎತ್ತಿಕೊಂಡರು. ಅವರು ಹೊಸ ಉಪಕರಣವನ್ನೇನೂ ತರಲಿಲ್ಲ. ಹಳೆಯ ಕೋಷ್ಟಕದಲ್ಲಿ ಖಾಲಿ ಬಿದ್ದಿದ್ದ ಮನೆಗಳನ್ನು ನೋಡಿದರು.

ಕೇಂದ್ರೀಯ ಅಂತರ್ಜಲ ಮಂಡಳಿಯು ತನ್ನ ವೀಕ್ಷಣಾ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಬಾರಿ ನೀರಿನ ಮಟ್ಟ ಅಳೆಯುತ್ತದೆ. ಈ ಬಾವಿಗಳಲ್ಲಿ ಬಹಳಷ್ಟು ತೆರೆದ ಬಾವಿಗಳು. ಬಾವಿ ಬತ್ತಿದಾಗ ಅಳೆಯಲು ಮಟ್ಟವೇ ಇರುವುದಿಲ್ಲ, ಆ ಮನೆ ಖಾಲಿ ಉಳಿಯುತ್ತದೆ. ಪ್ರವೃತ್ತಿಯನ್ನು ಲೆಕ್ಕ ಹಾಕುವವರು ಖಾಲಿ ಮನೆಗಳು ಹೆಚ್ಚಿರುವ ಬಾವಿಗಳನ್ನು ‘ದತ್ತಾಂಶ ಅಪೂರ್ಣ’ ಎಂದು ಮೊದಲೇ ತೆಗೆದುಬಿಡುತ್ತಾರೆ. ಇದು ಎಲ್ಲರೂ ಮಾಡುವ, ನಮಗೂ ತರಗತಿಯಲ್ಲಿ ಹೇಳಿಕೊಟ್ಟ, ಶಿಸ್ತಿನ ಕೆಲಸ. ಆದರೆ ತೆಗೆದುಹಾಕಿದ ಬಾವಿಗಳು ಮನಬಂದಂತೆ ಆಯ್ದವುಗಳಲ್ಲ, ಹೆಚ್ಚು ಕಷ್ಟದಲ್ಲಿದ್ದುವೇ ಅಲ್ಲಿ ಸೇರಿರುತ್ತವೆ. ಉಳಿದವು ಬದುಕಿ ಉಳಿದವು. ಇದನ್ನು ಬದುಕುಳಿದವರ ಪಕ್ಷಪಾತ ಎನ್ನುತ್ತಾರೆ.

ಇದು ಕೇವಲ ಅನುಮಾನವಲ್ಲ ಎಂದು ಅವರು ಹೇಗೆ ತೋರಿಸಿದರು ಎಂಬುದು ಮುಖ್ಯ. ಖಾಲಿ ಮನೆಗೆ ಬೇರೆ ಕಾರಣಗಳೂ ಇರುತ್ತವೆ: ಅಳೆಯುವವರು ಬಂದಿರಲಿಕ್ಕಿಲ್ಲ, ರಸ್ತೆ ಅಗಲ ಮಾಡುವಾಗ ಬಾವಿಯನ್ನು ಮುಚ್ಚಿರಬಹುದು. ಅಂಥವೇ ಹೆಚ್ಚಾಗಿದ್ದರೆ ಖಾಲಿ ಮನೆಗಳು ಎಲ್ಲೆಡೆಯೂ ಒಂದೇ ರೀತಿ ಚೆದುರಿರಬೇಕು. ಆದರೆ ಅವು ಹವಾಮಾನದ ಒತ್ತಡ ಮತ್ತು ಅಂತರ್ಜಲ ಬಳಕೆಯ ಒತ್ತಡ ಹೆಚ್ಚಿರುವೆಡೆಗೆ ಬಲವಾಗಿ ಹೊಂದಿಕೊಂಡಿದ್ದವು. ಆದುದರಿಂದ ಈ ಖಾಲಿತನವೂ ಒಂದು ಮಾಹಿತಿಯೇ. ಬತ್ತಿದ ಮತ್ತು ಕೈಬಿಟ್ಟ ಬಾವಿಗಳನ್ನು ಒಳಗೊಂಡ ಎರಡು ಬೇರೆ ಸೂಚ್ಯಂಕಗಳಿಂದ ನೋಡಿದಾಗ ದಕ್ಷಿಣ ಭಾರತದಲ್ಲಿ ಅಂತರ್ಜಲದ ಒತ್ತಡ ಹೆಚ್ಚುತ್ತಿರುವುದು ಕಂಡಿತು.

ಇದನ್ನು ಸಂಖ್ಯೆಯಲ್ಲಿ ಮಾಡಿ ನೋಡದಿದ್ದರೆ ಮನಸ್ಸಿಗೆ ಹಿಡಿಯುವುದಿಲ್ಲ. ನಾನು ಹಲಗೆಯ ಮೇಲೆ ಬರೆಯುವ ಐದು ಬಾವಿಗಳು ಊಹೆಯವು, ಯಾವ ತಾಲ್ಲೂಕಿನ ದಾಖಲೆಯೂ ಅಲ್ಲ. ಮೇ ತಿಂಗಳಿನಲ್ಲಿ ನೆಲಮಟ್ಟದಿಂದ ನೀರಿಗೆ ಇರುವ ಆಳ ಮೊದಲ ವರ್ಷ ಹೀಗಿದೆ: 4, 6, 8, 11 ಮತ್ತು 12 ಮೀಟರ್. ಮೊದಲ ಎರಡು ಬಾವಿಗಳು ಕಾಲುವೆಯ ಅಚ್ಚುಕಟ್ಟಿನಲ್ಲಿವೆ, ಉಳಿದವು ಮಡ್ಡಿಯ ಮೇಲಿವೆ. ಹತ್ತು ವರ್ಷಗಳ ಬಳಿಕ ಅಚ್ಚುಕಟ್ಟಿನ ಬಾವಿಗಳಲ್ಲಿ ನೀರು ಏರಿ ಆಳ 3 ಮತ್ತು 4.5 ಆಗಿದೆ. ಮೂರನೆಯದು ಇಳಿದು 8.5 ಆಗಿದೆ. ಕೊನೆಯ ಎರಡು ಬತ್ತಿವೆ. ಅವುಗಳ ತಳ 12 ಮತ್ತು 13 ಮೀಟರಿನಲ್ಲಿದೆ.

ಈಗ ಶಿಸ್ತಿನ ವಿದ್ಯಾರ್ಥಿ ಏನು ಮಾಡುತ್ತಾನೆ? ಅಪೂರ್ಣ ದಾಖಲೆಯ ಎರಡು ಬಾವಿಗಳನ್ನು ತೆಗೆಯುತ್ತಾನೆ. ಉಳಿದ ಮೂರರ ಸರಾಸರಿ ಆಳ ಮೊದಲು 6 ಮೀಟರ್ ಇತ್ತು, ಈಗ 5.33. ನೀರು ಮುಕ್ಕಾಲು ಮೀಟರಿಗೆ ಸಮೀಪ ಮೇಲೆ ಬಂದಿದೆ ಎಂದು ವರದಿ ಬರೆಯುತ್ತಾನೆ. ಅಶಿಸ್ತಿನ ವಿದ್ಯಾರ್ಥಿ ಮೊದಲ ವರ್ಷ ಐದನ್ನೂ ಎರಡನೆಯ ಬಾರಿ ಮೂರನ್ನೂ ಸರಾಸರಿ ಮಾಡಿ, 8.2ರಿಂದ 5.33ಕ್ಕೆ ಬಂತು, ಮೂರು ಮೀಟರಿನಷ್ಟು ಚೇತರಿಕೆ ಎಂದು ಬರೆಯುತ್ತಾನೆ. ಎರಡೂ ತಪ್ಪೇ, ಆದರೆ ತಪ್ಪಿನ ಬಗೆ ಬೇರೆ. ಎರಡನೆಯದನ್ನು ಮಾರ್ಗದರ್ಶಕರು ಒಂದು ನೋಟಕ್ಕೆ ಹಿಡಿಯುತ್ತಾರೆ. ಮೊದಲನೆಯದು ಅಚ್ಚುಕಟ್ಟಾಗಿ ಕಾಣುವುದರಿಂದ ಎಲ್ಲರ ಕಣ್ಣನ್ನೂ ದಾಟಿಹೋಗುತ್ತದೆ.

ಬತ್ತಿದ ಬಾವಿಯ ಬಗ್ಗೆ ನಮಗೆ ಏನೂ ಗೊತ್ತಿಲ್ಲ ಎನ್ನುವುದು ಸರಿಯಲ್ಲ. ನೀರು ಅದರ ತಳಕ್ಕಿಂತ ಕೆಳಗಿದೆ ಎಂಬುದು ಖಚಿತವಾಗಿ ಗೊತ್ತು. ಆದುದರಿಂದ ಖಾಲಿ ಬಿಡುವ ಬದಲು ‘12ಕ್ಕಿಂತ ಹೆಚ್ಚು’, ‘13ಕ್ಕಿಂತ ಹೆಚ್ಚು’ ಎಂದು ಬರೆಯೋಣ. ಅತ್ಯಂತ ಉದಾರವಾಗಿ ತಳದ ಆಳವನ್ನೇ ಹಿಡಿದು ಸರಾಸರಿ ಮಾಡಿದರೆ 8.2 ಬರುತ್ತದೆ, ಮೊದಲ ವರ್ಷ ಇದ್ದಷ್ಟೇ. ಎಂದರೆ ಒಳ್ಳೆಯದನ್ನೇ ಊಹಿಸಿದರೂ ಚೇತರಿಕೆ ಸೊನ್ನೆ, ನಿಜವಾದ ಸ್ಥಿತಿ ಅದಕ್ಕಿಂತ ಕೆಟ್ಟದ್ದು. ಮಧ್ಯಾಂಕವನ್ನು ತೆಗೆದುಕೊಂಡರೆ ಇನ್ನೂ ಸ್ಪಷ್ಟ. ಐದನ್ನು ಏರಿಕೆ ಕ್ರಮದಲ್ಲಿಟ್ಟಾಗ ನಡುವಿನದು ಮೊದಲು 8 ಇತ್ತು, ಈಗ 8.5. ಬತ್ತಿದವು ಎಷ್ಟು ಆಳದಲ್ಲಿದ್ದರೂ ಅವು ಕೊನೆಯಲ್ಲಿಯೇ ಇರುತ್ತವೆ, ನಡುವಿನ ಸಂಖ್ಯೆ ಕದಲುವುದಿಲ್ಲ. ಅದೇ ದಾಖಲೆ ಈಗ ಅರ್ಧ ಮೀಟರ್ ಕುಸಿತ ತೋರಿಸುತ್ತಿದೆ. ಆದರೆ ಅರ್ಧಕ್ಕಿಂತ ಹೆಚ್ಚು ಬಾವಿಗಳು ಬತ್ತಿದರೆ ನಡುವಿನದೇ ಬತ್ತಿದ ಬಾವಿಯಾಗುತ್ತದೆ. ಆಗ ಮಧ್ಯಾಂಕಕ್ಕೂ ‘ಇಷ್ಟಕ್ಕಿಂತ ಹೆಚ್ಚು’ ಎಂದಷ್ಟೇ ಹೇಳಲು ಸಾಧ್ಯ. ಈ ಮಧ್ಯಾಂಕದ ಉಪಾಯ ಹೋರಾ ಅವರ ಪ್ರಬಂಧದ್ದಲ್ಲ, ಸಂಖ್ಯಾಶಾಸ್ತ್ರದಲ್ಲಿ ಸಾಮಾನ್ಯವಾದದ್ದು. ಎರಡನ್ನೂ ಬೆರೆಸಿ ಉಲ್ಲೇಖಿಸಬೇಡಿ.

ಹಾಗಾದರೆ ಮೂರನೆಯ ಅಧ್ಯಯನವು ಎರಡನೆಯದನ್ನು ಸುಳ್ಳು ಮಾಡಿತೇ? ಸಮೀಕ್ಷೆಗಳಲ್ಲಿ ಹೀಗೆ ಬರೆದುಬಿಡುವ ಆಸೆ ಬರುತ್ತದೆ, ಏಕೆಂದರೆ ಕಥೆ ಚೆನ್ನಾಗಿ ಕೂಡಿಬರುತ್ತದೆ. ನಾನು ಹಾಗೆ ಹೇಳಲಾರೆ. ಬದುಕುಳಿದವರ ಪಕ್ಷಪಾತ ತಗಲುವುದು ಬಾವಿಯ ದಾಖಲೆಗೆ. ಉಪಗ್ರಹಕ್ಕೆ ಅದು ತಗಲುವುದಿಲ್ಲ, ಬಾವಿ ಬತ್ತಿದರೂ ಅದು ತೂಗುತ್ತಲೇ ಇರುತ್ತದೆ. 2017ರ ಅಧ್ಯಯನದಲ್ಲಿ ದಕ್ಷಿಣದ ಏರಿಕೆ ಉಪಗ್ರಹದಲ್ಲಿಯೂ ಕಂಡಿದೆ. ಆ ಏರಿಕೆಗೆ ಬೇರೆ ಕಾರಣ ಹುಡುಕಬೇಕು. ಅವುಗಳಲ್ಲಿ ಎರಡನ್ನು ಆಗಲೇ ಹೇಳಿದೆ: ಬರದ ವರ್ಷದಿಂದ ಶುರುವಾದ ಗೆರೆ, ಬಂಡೆಯ ಆಳದ ಕುಸಿತಕ್ಕೆ ತೂಕ ಕಡಿಮೆಯಿರುವುದು. ಮೂರನೆಯದು ಜಲಾಶಯ. ಕೃಷ್ಣಾ ಕಣಿವೆಯಂಥ, ಅಣೆಕಟ್ಟುಗಳು ತುಂಬಿರುವ ಪ್ರದೇಶದಲ್ಲಿ ಜಲಾಶಯದ ನೀರನ್ನು ಸರಿಯಾಗಿ ಕಳೆಯದಿದ್ದರೆ ಅದು ಅಂತರ್ಜಲದ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ಅಂದರೆ ಒಟ್ಟು ನೀರಿನ ತೂಕ ಆ ಅವಧಿಯಲ್ಲಿ ತುಸು ಹೆಚ್ಚಿರುವುದೂ, ಅದೇ ಅವಧಿಯಲ್ಲಿ ಕೊಳವೆಬಾವಿಗಳು ಬತ್ತಿರುವುದೂ, ಎರಡೂ ಒಟ್ಟಿಗೆ ನಿಜವಾಗಿರಬಹುದು. ಒಂದು ಅಧ್ಯಯನ ಸಂಗ್ರಹವನ್ನು ಅಳೆಯಿತು, ಇನ್ನೊಂದು ರೈತನ ಕೈಗೆ ನೀರು ಎಟಕುವುದನ್ನು ಅಳೆಯಿತು. ಹೋರಾ ಅವರ ತಂಡವು ಎಷ್ಟು ಟಿಎಂಸಿ ನೀರು ಹೋಯಿತು ಎಂಬುದನ್ನು ಹೇಳುವುದಿಲ್ಲ, ಅವರ ಸೂಚ್ಯಂಕಗಳು ಅದಕ್ಕಾಗಿ ಮಾಡಿದವೂ ಅಲ್ಲ. ಅದನ್ನು ಅವರಿಂದ ನಿರೀಕ್ಷಿಸಿ ಕೊರತೆಯೆಂದು ಬರೆಯುವುದು ಅನ್ಯಾಯ. ಆದರೆ ಒಂದು ಮಿತಿಯನ್ನು ಹೇಳಲೇಬೇಕು. ವೀಕ್ಷಣಾ ಬಾವಿಗಳು ಬಹುಮಟ್ಟಿಗೆ ಮೇಲಿನ ಪದರದವು, ನಮ್ಮ ರೈತರು ನೀರೆತ್ತುವುದು ಅದಕ್ಕಿಂತ ಬಹಳ ಆಳದ ಬಿರುಕುಗಳಿಂದ. ಬತ್ತಿದ ತೆರೆದ ಬಾವಿಯನ್ನು ಲೆಕ್ಕಕ್ಕೆ ಸೇರಿಸಿದರೂ ಆಳದಲ್ಲಿ ಆಗುತ್ತಿರುವುದು ಪೂರ್ತಿ ಕಾಣುವುದಿಲ್ಲ.

ನಮ್ಮ ಕಿರುಪ್ರಬಂಧಗಳಿಗೆ ಇದರಿಂದ ಬರುವ ಕೆಲಸ ಸಣ್ಣದು, ಆದರೆ ಬೇಸರದ್ದು. ದತ್ತಾಂಶ ಸಿಕ್ಕೊಡನೆ ಸರಾಸರಿ ತೆಗೆಯಲು ಕೂರಬೇಡಿ. ಮೊದಲು ಖಾಲಿ ಮನೆಗಳನ್ನು ಎಣಿಸಿ. ಮೇ ತಿಂಗಳಲ್ಲಿ ಖಾಲಿಯಾಗಿ ನವೆಂಬರಿನಲ್ಲಿ ಮತ್ತೆ ಸಂಖ್ಯೆ ಬಂದಿದ್ದರೆ ಅದು ಬೇಸಿಗೆಯಲ್ಲಿ ಬತ್ತುವ ಬಾವಿ ಇರಬೇಕು. ನಾಲ್ಕೂ ಬಾರಿಯ ಮನೆಗಳು ಒಂದು ವರ್ಷದಿಂದ ಮುಂದಕ್ಕೆ ಖಾಲಿಯಿದ್ದರೆ ಬಾವಿ ಕೈಬಿಟ್ಟದ್ದು. ಸುತ್ತಲಿನ ಹತ್ತಾರು ಬಾವಿಗಳು ಒಂದೇ ತಿಂಗಳು ಮಾತ್ರ ಖಾಲಿಯಿದ್ದರೆ ಆ ಬಾರಿ ಅಳೆಯುವವರು ಹೋಗಿರಲಿಕ್ಕಿಲ್ಲ. ಬಾವಿಯ ಒಟ್ಟು ಆಳದ ಕಲಮು ಇಲ್ಲದ ದಾಖಲೆಯನ್ನು ಪಡೆದುಕೊಂಡು ಬರಬೇಡಿ, ಅದಿಲ್ಲದೆ ‘ಇಷ್ಟಕ್ಕಿಂತ ಹೆಚ್ಚು’ ಎಂದು ಬರೆಯಲು ಬರುವುದಿಲ್ಲ.

ಚರ್ಚೆಯ ವೇಳೆ ಗುರುಗಳೊಬ್ಬರು ಒಂದು ಪ್ರಶ್ನೆ ಕೇಳಿದರು: ಬತ್ತಿದ ತೆರೆದ ಬಾವಿಯ ಬದಲಿಗೆ ಅದೇ ಊರಿನಲ್ಲಿ ಆಳದ ವೀಕ್ಷಣಾ ಕೊಳವೆಬಾವಿ ಕೊರೆದಿದ್ದರೆ ಎರಡರ ದಾಖಲೆಯನ್ನು ಒಂದೇ ಸರಣಿಯಾಗಿ ಜೋಡಿಸಬಹುದೇ? ಜೋಡಿಸಬಾರದು ಎಂದು ನಾನು ಹೇಳಿದೆ. ಆಳದ ಬಿರುಕಿನಲ್ಲಿ ನೀರು ಒತ್ತಡಕ್ಕೆ ಸಿಕ್ಕಿದ್ದರೆ ಕೊಳವೆಯೊಳಗೆ ಅದು ಬಿರುಕಿನ ಮಟ್ಟಕ್ಕಿಂತ ಮೇಲೇರಿ ನಿಲ್ಲುತ್ತದೆ. 12 ಮೀಟರಿನಲ್ಲಿ ಬತ್ತಿದ ಬಾವಿಯ ಮುಂದಿನ ಸಾಲಿನಲ್ಲಿ 9 ಮೀಟರ್ ಎಂಬ ಹೊಸ ಸಂಖ್ಯೆ ಬಂದು ಕೂರಬಹುದು. ಗೆರೆ ಎಳೆಯುವ ತಂತ್ರಾಂಶಕ್ಕೆ ಅದು ಏರಿಕೆಯೇ. ಆದುದರಿಂದ ಹಳೆಯ ಸರಣಿಯನ್ನು ‘12ಕ್ಕಿಂತ ಹೆಚ್ಚು’ ಎಂಬಲ್ಲಿಗೆ ನಿಲ್ಲಿಸಿ, ಹೊಸದಕ್ಕೆ ಬೇರೆ ಕ್ರಮಸಂಖ್ಯೆ ಕೊಟ್ಟು, ಅದರ ಮೊದಲ ವರ್ಷದಿಂದ ಲೆಕ್ಕ ಶುರುಮಾಡಬೇಕು.